ಇಟಲಿಯಲ್ಲಿ ಬಾಡಿಗೆ ಕಾರು: ಯಾವ ವಿಮೆ, ಯಾವ ಗೇರು, ಯಾವ ಕಾಗದ

ರೋಮ್‌ನಲ್ಲಿ ಇಳಿದು, ಕಾರು ಹಿಡಿದು, ಟಸ್ಕನಿಯ ಹಳ್ಳಿಗಳನ್ನು ಒಂದು ವಾರ ಸುತ್ತಬೇಕು ಎಂದು ಹೊರಟವರಿಗೆ ಕಾರು ಆರಿಸುವುದು ಕಷ್ಟವಲ್ಲ. ಗೊಂದಲ ಶುರುವಾಗುವುದು ಅದರ ಮುಂದಿನ ಪುಟದಲ್ಲಿ. ‘ವಿಮೆ ಸೇರಿದೆ’ ಎಂದು ಮೇಲೆ ಬರೆದಿರುತ್ತದೆ. ಕೆಳಗೆ ‘ಎಕ್ಸೆಸ್ 1,500 ಯೂರೊ’ ಎಂದಿರುತ್ತದೆ. ಅದರ ಪಕ್ಕದಲ್ಲೇ ದಿನಕ್ಕೆ ಏಳು ಯೂರೊ ಕೊಟ್ಟರೆ ‘ಪೂರ್ಣ ರಕ್ಷಣೆ’ ಎಂಬ ಬಟನ್. ವಿಮಾನ ನಿಲ್ದಾಣದ ಕೌಂಟರಿಗೆ ಹೋದರೆ ಅಲ್ಲಿಯವರು, ‘ಅದು ನಮ್ಮಲ್ಲಿ ನಡೆಯೋದಿಲ್ಲ, ದಿನಕ್ಕೆ ಇಪ್ಪತ್ತೈದು ಕೊಡಿ’ ಎನ್ನುತ್ತಾರೆ. ಯಾರ ಮಾತು ನಂಬಬೇಕು?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಮಾರುತ್ತಿರುವುದು ಎರಡು ಬೇರೆ ಬೇರೆ ವಸ್ತು.

ಆಯ್ಕೆಗಳನ್ನು ತೂಗುವ ಮೊದಲು ಅಳತೆಗೋಲು ಬೇಕು. ಭಾರತದಿಂದ ಹೋಗುವ ಚಾಲಕರಿಗೆ ನಾಲ್ಕು ಪ್ರಶ್ನೆ ಸಾಕು. ಕಾರು ಪಡೆಯುವಾಗ ಕಾರ್ಡಿನಲ್ಲಿ ಎಷ್ಟು ಹಣ ಬ್ಲಾಕ್ ಆಗುತ್ತದೆ? ಗೀರು, ನೆಗ್ಗು ಬಿದ್ದ ದಿನ ಹಣ ಮೊದಲು ಯಾರ ಜೇಬಿನಿಂದ ಹೋಗುತ್ತದೆ? ಟೈರು, ರಿಮ್, ಗಾಜು, ಕಾರಿನ ಅಡಿಭಾಗ ಇವು ಸೇರಿವೆಯೇ? ಇಷ್ಟಕ್ಕೆಲ್ಲ ದಿನಕ್ಕೆ ಎಷ್ಟು? ಇವುಗಳಲ್ಲಿ ಮೂರನೆಯದಕ್ಕೆ ಹೆಚ್ಚು ತೂಕ ಕೊಡಬೇಕು. ಎಡಬದಿಯಲ್ಲಿ ಓಡಿಸಿ ರೂಢಿಯಾದವರು ಬಲಬದಿಯ ರಸ್ತೆಗೆ ಹೋದಾಗ ಕಾರಿನ ಯಾವ ಭಾಗಕ್ಕೆ ಪೆಟ್ಟು ಬೀಳುತ್ತದೋ, ಅಗ್ಗದ ವಿಮೆಗಳು ಕೈಬಿಡುವುದೂ ಅದೇ ಭಾಗವನ್ನು.

ಪೆಟ್ಟು ಬಲಗಡೆಗೇ ಏಕೆ

ಬೆಂಗಳೂರಿನಲ್ಲಿ ಓಡಿಸುವಾಗ ನಾವು ಕಾರಿನ ಬಲಭಾಗದಲ್ಲಿ ಕೂರುತ್ತೇವೆ. ಲೇನಿನ ಒಳಗೆ ನಮ್ಮ ದೇಹ ಇರುವುದು ಬಲಕ್ಕೆ, ಕಾರಿನ ಉಳಿದ ಅಗಲವೆಲ್ಲ ನಮ್ಮ ಎಡಕ್ಕೆ. ವರ್ಷಗಟ್ಟಲೆ ಓಡಿಸಿದ ಮೇಲೆ ‘ಲೇನಿನಲ್ಲಿ ನಾನು ಇಲ್ಲಿರಬೇಕು’ ಎಂಬುದು ಕಣ್ಣಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಇಟಲಿಯ ಕಾರಿನಲ್ಲಿ ಸ್ಟೀರಿಂಗ್ ಎಡಕ್ಕಿದೆ. ಕೂತ ಜಾಗ ಬದಲಾದರೂ ಕಣ್ಣಿನ ರೂಢಿ ಬದಲಾಗುವುದಿಲ್ಲ. ಚಾಲಕ ಅರಿವಿಲ್ಲದೆ ತನ್ನ ದೇಹವನ್ನು ಲೇನಿನ ಬಲಭಾಗಕ್ಕೇ ತರುತ್ತಾನೆ. ಆಗ ಕಾರಿನ ಬಲಗಡೆಯ ಅರ್ಧ ಭಾಗ ಲೇನಿನಿಂದ ಹೊರಗೆ ಚಾಚಿಕೊಳ್ಳುತ್ತದೆ. ಹಳ್ಳಿಯೊಳಗಿನ ಕಲ್ಲಿನ ಗೋಡೆ, ಫುಟ್‌ಪಾತಿನ ಅಂಚು, ಸಾಲಾಗಿ ನಿಲ್ಲಿಸಿದ ಕಾರುಗಳ ಕನ್ನಡಿ ಎಲ್ಲ ಇರುವುದು ಅಲ್ಲೇ. ಮೊದಲ ದಿನ ಪಕ್ಕದಲ್ಲಿ ಕೂತವರು ‘ಬಲಗಡೆ ತಾಗುತ್ತೆ’ ಎಂದು ಮತ್ತೆ ಮತ್ತೆ ಕೂಗುವುದು ಹೆದರಿಕೆಯಿಂದಲ್ಲ. ಅದು ನಿಜವಾಗಿಯೂ ತಾಗುವಷ್ಟು ಹತ್ತಿರ ಬಂದಿರುತ್ತದೆ.

ಇದಕ್ಕೊಂದು ಸರಳ ಗುರುತಿದೆ: ರಸ್ತೆಯ ನಡುಗೆರೆ ಯಾವಾಗಲೂ ಚಾಲಕರ ಬಾಗಿಲಿನ ಪಕ್ಕಕ್ಕಿರಬೇಕು. ಇದು ನಮ್ಮೂರಿನಲ್ಲೂ ನಿಜ, ಇಟಲಿಯಲ್ಲೂ ನಿಜ. ನಡುಗೆರೆ ಪಕ್ಕದ ಸೀಟಿನ ಕಡೆ ಕಂಡರೆ ನೀವು ತಪ್ಪು ಬದಿಯಲ್ಲಿದ್ದೀರಿ.

ಬದಿ ತಪ್ಪುವ ಅಪಾಯ ಹೆದ್ದಾರಿಯಲ್ಲಿ ಕಡಿಮೆ; ಮುಂದೆ, ಹಿಂದೆ ಬೇರೆ ಗಾಡಿಗಳು ಇದ್ದೇ ಇರುತ್ತವೆ. ತಪ್ಪುವುದು ಖಾಲಿ ರಸ್ತೆಯಲ್ಲಿ. ಬೆಳಗ್ಗೆ ಹೋಟೆಲ್ ಅಂಗಳದಿಂದ ಹೊರಗೆ ಬರುವಾಗ, ಬಂಕಿನಿಂದ ಮತ್ತೆ ರಸ್ತೆಗೆ ಇಳಿಯುವಾಗ, ಚಿಕ್ಕ ರಸ್ತೆಯಿಂದ ಎಡಕ್ಕೆ ತಿರುಗುವಾಗ. ನಮ್ಮಲ್ಲಿ ಎಡ ತಿರುವು ಸಲೀಸು. ಅಲ್ಲಿ ಅದೇ ಎದುರು ಲೇನನ್ನು ದಾಟಿ ಆಚೆ ಬದಿಗೆ ಸೇರಬೇಕಾದ ದೊಡ್ಡ ತಿರುವು. ವೃತ್ತಗಳಲ್ಲಿ ವಾಹನಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ, ಆದ್ದರಿಂದ ಒಳಗೆ ಹೋಗುವ ಮೊದಲು ನೋಡಬೇಕಾದ್ದು ಎಡಕ್ಕೆ. ವೃತ್ತದ ಬಾಯಲ್ಲಿ ತಲೆಕೆಳಗಾದ ತ್ರಿಕೋನದ ಫಲಕವಿದ್ದರೆ ಒಳಗಿರುವವರಿಗೆ ದಾರಿ ಬಿಡಬೇಕು. ಯಾವ ಫಲಕವೂ ಇಲ್ಲದ ಸಣ್ಣ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಈ ಕೊನೆಯ ನಿಯಮ ನಮ್ಮ ರಸ್ತೆಗಳಲ್ಲಿ ರೂಢಿಯಲ್ಲಿಲ್ಲ. ಬಲದಿಂದ ಬರುವವರು ವೇಗ ಇಳಿಸುತ್ತಾರೆ ಎಂದು ನಂಬಿಕೊಂಡು ನುಗ್ಗಬೇಡಿ.

ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ

ಇಟಲಿಯಲ್ಲಿ ಸಣ್ಣ, ಅಗ್ಗದ ವರ್ಗದ ಬಾಡಿಗೆ ಕಾರುಗಳಲ್ಲಿ ಮ್ಯಾನುಯಲ್ ಹೆಚ್ಚು. ಆಟೊಮ್ಯಾಟಿಕ್ ಬೇಕೆಂದರೆ ಒಂದು ವರ್ಗ ಮೇಲಕ್ಕೆ ಹೋಗಬೇಕಾಗುತ್ತದೆ, ಬಾಡಿಗೆಯೂ ಏರುತ್ತದೆ. ಎಡಗಡೆ ಕೂತಾಗ ಗೇರು ಬಲಗೈಗೆ ಬರುತ್ತದೆ. ಪೆಡಲ್‌ಗಳ ಕ್ರಮ ಬದಲಾಗುವುದಿಲ್ಲ: ಎಡಕ್ಕೆ ಕ್ಲಚ್, ಬಲಕ್ಕೆ ಆಕ್ಸಿಲರೇಟರ್. ಗೇರಿನ ವಿನ್ಯಾಸವೂ ಅದೇ. ಮೊದಲನೆಯ ಗೇರು ಎಡಕ್ಕೆ, ಮುಂದಕ್ಕೆ. ಆದರೆ ನಮ್ಮಲ್ಲಿ ಅದು ದೇಹದಿಂದ ದೂರ ತಳ್ಳುವ ಚಲನೆ, ಅಲ್ಲಿ ದೇಹದ ಕಡೆ ಎಳೆದುಕೊಳ್ಳುವ ಚಲನೆ. ಅವಸರದಲ್ಲಿ ಒಂದರ ಬದಲು ಮೂರಕ್ಕೆ ಹಾಕಿ ವೃತ್ತದ ಬಾಯಲ್ಲೇ ಇಂಜಿನ್ ಆಫ್ ಆಗುವುದು ಇದರಿಂದ. ಇಂಡಿಕೇಟರ್ ಕಡ್ಡಿ ಎಡಗೈ ಕಡೆ ಇರುತ್ತದೆ. ಊರಲ್ಲಿ ಯೂರೋಪಿನ ಬ್ರಾಂಡಿನ ಕಾರು ಓಡಿಸುವವರಿಗೆ ಇದು ರೂಢಿ. ಮಾರುತಿ ಓಡಿಸುವವರು ಮೊದಲ ದಿನ ತಿರುವು ಬಂದಾಗಲೆಲ್ಲ ವೈಪರ್ ಹಾಕುತ್ತಾರೆ.

ಬಲಬದಿಯಲ್ಲಿ ಇದೇ ಮೊದಲ ಸಲ ಓಡಿಸುತ್ತಿದ್ದರೆ ಆಟೊಮ್ಯಾಟಿಕ್ಕಿಗೇ ಹಣ ಹಾಕಿ ಎಂಬುದು ನನ್ನ ಸ್ಪಷ್ಟ ಸಲಹೆ. ಬದಿ ಬದಲು, ಸೀಟು ಬದಲು, ಫಲಕದ ಭಾಷೆ ಬದಲು. ಇವುಗಳ ಮೇಲೆ ಗೇರು ಹುಡುಕುವ ಕೆಲಸ ಬೇಡ. ಬಜೆಟ್ ಬಿಗಿಯಾಗಿದ್ದರೆ ಮ್ಯಾನುಯಲ್ ತೆಗೆದುಕೊಳ್ಳಬಹುದು, ಆದರೆ ಕಾರು ಪಡೆದ ಕೂಡಲೇ ಹೊರಡದೆ ನಿಲ್ದಾಣದ ಪಾರ್ಕಿಂಗಿನಲ್ಲೇ ಹತ್ತು ನಿಮಿಷ ಒಂದು, ಎರಡು, ರಿವರ್ಸ್ ಹಾಕಿ ಸುತ್ತಿ. ಬುಕ್ ಮಾಡುವಾಗ ಕಾರಿನ ಚಿತ್ರ ನೋಡಬೇಡಿ, ವರ್ಗದ ವಿವರದಲ್ಲಿ ಆಟೊಮ್ಯಾಟಿಕ್ ಎಂದು ಬರೆದಿದೆಯೇ ನೋಡಿ. ಇನ್ನು ಗಾತ್ರ: ಬೆಟ್ಟದ ಮೇಲಿನ ಹಳೆಯ ಊರುಗಳ ಬೀದಿಗೆ ದೊಡ್ಡ ಎಸ್‌ಯುವಿ ಬೇಡ. ನಾಲ್ಕು ಜನ, ಎರಡು ದೊಡ್ಡ ಸೂಟ್‌ಕೇಸ್ ಹಿಡಿಯುವ ಹ್ಯಾಚ್‌ಬ್ಯಾಕ್ ಸಾಕು.

ವಿಮೆ: ನಾಲ್ಕು ದಾರಿ

ಬಾಡಿಗೆಯಲ್ಲಿ ಥರ್ಡ್ ಪಾರ್ಟಿ ವಿಮೆ ಇದ್ದೇ ಇರುತ್ತದೆ. ಕಾನೂನಿನ ಪ್ರಕಾರ ಕಡ್ಡಾಯ. ಅದು ಎದುರಿನವರ ನಷ್ಟಕ್ಕೆ. ನೀವು ಓಡಿಸುವ ಕಾರಿನ ನಷ್ಟಕ್ಕೆ ಇರುವುದು ಡ್ಯಾಮೇಜ್ ವೇವರ್ ಮತ್ತು ಕಳವಿನ ವೇವರ್. ವೇವರ್ ಎಂದರೆ ‘ಇಷ್ಟರ ಮೇಲಿನದನ್ನು ನಿಮ್ಮಿಂದ ವಸೂಲಿ ಮಾಡುವುದಿಲ್ಲ’ ಎಂಬ ಕಂಪನಿಯ ಮಾತು. ಆ ‘ಇಷ್ಟು’ ಎಂಬುದೇ ಎಕ್ಸೆಸ್, ಇಟಲಿಯ ಕರಾರುಪತ್ರದಲ್ಲಿ ಫ್ರಾಂಕೀಜಾ. ಅದು 1,500 ಯೂರೊ ಇದ್ದರೆ, 4,000 ಯೂರೊ ನಷ್ಟವಾದಾಗ ನೀವು 1,500 ಕಟ್ಟುತ್ತೀರಿ. 400 ಯೂರೊ ನಷ್ಟವಾದಾಗ ಅಷ್ಟನ್ನೂ ನೀವೇ ಕಟ್ಟುತ್ತೀರಿ. ಬಾಡಿಗೆ ಕಾರಿಗೆ ಆಗುವ ಸಾಮಾನ್ಯ ಹಾನಿಯೆಲ್ಲ ಎಕ್ಸೆಸ್‌ನ ಒಳಗೇ ಬರುವುದರಿಂದ ‘ವಿಮೆ ಸೇರಿದೆ’ ಎಂಬ ಸಾಲು ಗೀರು, ನೆಗ್ಗಿಗೆ ಏನೂ ಮಾಡುವುದಿಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಏಳು ದಿನ, ದಿನಕ್ಕೆ 45 ಯೂರೊ, ಒಟ್ಟು ಬಾಡಿಗೆ 315. ಎಕ್ಸೆಸ್ 1,500. ಲೆಕ್ಕ ಸುಲಭವಾಗಲಿ ಎಂದು ಯೂರೊಗೆ ನೂರು ರೂಪಾಯಿ ಎಂದುಕೊಳ್ಳಿ. ಮೂರನೆಯ ದಿನ ಸಿಯೆನಾ ಹತ್ತಿರದ ಓಣಿಯಲ್ಲಿ ಬಲ ಹಿಂಬಾಗಿಲು ಗೋಡೆಗೆ ಉಜ್ಜಿತು: ರಿಪೇರಿ 640 ಯೂರೊ, ಕಾಗದಪತ್ರದ ಶುಲ್ಕ 60. ಐದನೆಯ ದಿನ ಬಲ ಮುಂಚಕ್ರ ಫುಟ್‌ಪಾತಿನ ಅಂಚಿಗೆ ಬಡಿದು ಟೈರು, ರಿಮ್ ಎರಡೂ ಹಾಳಾದವು: 310 ಯೂರೊ.

ಮೊದಲ ದಾರಿ, ಮೂಲ ವೇವರ್ ಮಾತ್ರ. ಏನೂ ಆಗದಿದ್ದರೆ 315 ಯೂರೊಗೆ ಪ್ರವಾಸ ಮುಗಿಯಿತು, ಇದಕ್ಕಿಂತ ಅಗ್ಗ ಇನ್ನಿಲ್ಲ. ಮೇಲಿನ ಎರಡೂ ಪೆಟ್ಟು ಬಿದ್ದರೆ ಒಟ್ಟು 1,325, ಅಂದರೆ ಒಂದು ಲಕ್ಷದ ಮೂವತ್ತೆರಡೂವರೆ ಸಾವಿರ ರೂಪಾಯಿ. ಜೊತೆಗೆ ಕಾರು ಪಡೆಯುವಾಗ ಎಕ್ಸೆಸ್‌ನ ಆಸುಪಾಸಿನ ಮೊತ್ತ ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್ ಆಗುತ್ತದೆ. ಕಾರ್ಡಿನ ಮಿತಿ ಎರಡು ಲಕ್ಷವಿದ್ದರೆ ಹೋಟೆಲ್ಲು, ಊಟಕ್ಕೆ ಉಳಿಯುವುದು ಐವತ್ತು ಸಾವಿರ.

ಎರಡನೆಯದು, ಕೌಂಟರಿನ ನಡುವಣ ಪ್ಯಾಕೇಜ್. ದಿನಕ್ಕೆ 14 ಯೂರೊ, ವಾರಕ್ಕೆ 98 ಎಂದುಕೊಳ್ಳಿ. ಇದರ ಹೆಸರು ಚೆನ್ನಾಗಿರುತ್ತದೆ, ‘ಎಕ್ಸೆಸ್ ಸೊನ್ನೆ’ ಎಂದೂ ಬರೆದಿರಬಹುದು. ಆದರೆ ಆ ಸೊನ್ನೆ ಕಾರಿನ ಹೊರಮೈಗೆ ಮಾತ್ರ, ಅಂದರೆ ಬಾಗಿಲು, ಬಂಪರ್, ಬಾನೆಟ್‌ಗೆ. ಟೈರು, ರಿಮ್, ಗಾಜು, ಅಡಿಭಾಗ, ಛಾವಣಿ ಹೊರಗೆ ಉಳಿಯುವುದು ಸಾಮಾನ್ಯ. ಉದಾಹರಣೆಯಲ್ಲಿ ಬಾಗಿಲಿನ 640 ಉಳಿಯಿತು, ಚಕ್ರದ 310 ಕಟ್ಟಲೇಬೇಕು, ಕಾಗದಪತ್ರದ ಶುಲ್ಕವೂ ಬೀಳಬಹುದು. ಎಡಬದಿಯಲ್ಲಿ ಪಳಗಿದವರಿಗೆ ಚಕ್ರವೇ ಅಪಾಯದ ಜಾಗ ಎಂದ ಮೇಲೆ, ನಾಲ್ಕರಲ್ಲಿ ನಾನು ಶಿಫಾರಸು ಮಾಡದ ದಾರಿ ಇದೊಂದೇ.

ಮೂರನೆಯದು, ಕೌಂಟರಿನ ಪೂರ್ಣ ಪ್ಯಾಕೇಜ್. ದಿನಕ್ಕೆ 25, ವಾರಕ್ಕೆ 175, ಒಟ್ಟು 490. ಬಾಗಿಲೂ ಚಕ್ರವೂ ಇದರಲ್ಲಿ ಸೇರಿದ್ದರೆ ಮತ್ತೊಂದು ಪೈಸೆ ಕೊಡಬೇಕಿಲ್ಲ. ಕಾರ್ಡಿನಲ್ಲಿ ಬ್ಲಾಕ್ ಆಗುವ ಮೊತ್ತವೂ ಬಹಳ ಇಳಿಯುತ್ತದೆ. ಬೀಗ ಕೊಟ್ಟು ಬಂದುಬಿಡಬಹುದು, ಆಮೇಲೆ ಯಾರಿಗೂ ಈಮೇಲ್ ಬರೆಯುವ ಕೆಲಸವಿಲ್ಲ. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಟೈರು, ಗಾಜು, ಅಡಿಭಾಗ ಮೂರೂ ಸೇರಿವೆಯೇ, ಯಾವ ಸಾಲಿನಲ್ಲಿದೆ ತೋರಿಸಿ.’ ಬಾಯಿಮಾತಿಗೆ ಬೆಲೆಯಿಲ್ಲ, ಕರಾರುಪತ್ರದ ಸಾಲು ಮುಖ್ಯ.

ನಾಲ್ಕನೆಯದು, ಹೊರಗಿನ ಎಕ್ಸೆಸ್ ಪಾಲಿಸಿ. ಬುಕಿಂಗ್ ಪುಟದಲ್ಲಿ ಬರುವ ಅಗ್ಗದ ‘ಪೂರ್ಣ ರಕ್ಷಣೆ’ ಬಹುತೇಕ ಇದೇ ಜಾತಿಯದು. ದಿನಕ್ಕೆ 7, ವಾರಕ್ಕೆ 49, ಒಟ್ಟು 364. ಇದು ಮರುಪಾವತಿಯ ವಿಮೆ. ಬಾಡಿಗೆ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ, ಅದಕ್ಕೇ ಕೌಂಟರಿನವರು ‘ನಡೆಯೋದಿಲ್ಲ’ ಎನ್ನುವುದು. 1,500 ಯೂರೊ ಬ್ಲಾಕ್ ಆಗುವುದು ತಪ್ಪುವುದಿಲ್ಲ. ಹಾನಿಯಾದರೆ ಅವರು ನಿಮ್ಮ ಕಾರ್ಡಿನಿಂದ ಹಣ ತೆಗೆದುಕೊಳ್ಳುತ್ತಾರೆ, ನೀವು ಊರಿಗೆ ಬಂದು ಪಾಲಿಸಿಯವರಿಂದ ವಸೂಲು ಮಾಡಿಕೊಳ್ಳಬೇಕು. ಟೈರು, ಗಾಜು, ಅಡಿಭಾಗವನ್ನು ಇಂಥ ಪಾಲಿಸಿಗಳು ಹೆಚ್ಚಾಗಿ ಒಳಗೊಳ್ಳುತ್ತವೆ. ಇದು ಇದರ ದೊಡ್ಡ ಗುಣ.

ಆದರೆ ನಮಗೆ ಎರಡು ತೊಡಕಿವೆ. ಒಂದು, ಯೂರೋಪಿನಲ್ಲಿ ಮಾರುವ ಅಗ್ಗದ ಎಕ್ಸೆಸ್ ಪಾಲಿಸಿಗಳಲ್ಲಿ ಹಲವು ಅಲ್ಲಿಯ ನಿವಾಸಿಗಳಿಗೆ ಮಾತ್ರ. ಭಾರತದ ವಿಳಾಸದವರು ಕೊಂಡರೆ ಹಣ ಪಡೆಯುತ್ತಾರೆ, ಕ್ಲೈಮ್ ಬಂದಾಗ ತಿರಸ್ಕರಿಸುತ್ತಾರೆ. ‘ಯಾವ ದೇಶದ ನಿವಾಸಿ’ ಎಂಬ ಷರತ್ತನ್ನು ಮೊದಲೇ ಓದಿ. ಇನ್ನೊಂದು, ವಿನಿಮಯದ ನಷ್ಟ. ನಮ್ಮ ಹಲವು ಕ್ರೆಡಿಟ್ ಕಾರ್ಡುಗಳು ವಿದೇಶಿ ವಹಿವಾಟಿಗೆ ಶೇ. 3.5ರಷ್ಟು ಮಾರ್ಕಪ್ ಹಾಕುತ್ತವೆ, ಅದರ ಮೇಲೆ ಶೇ. 18 ಜಿಎಸ್‌ಟಿ. 700 ಯೂರೊ ಕಡಿತವಾದರೆ ಹತ್ತಿರ ಹತ್ತಿರ 29 ಯೂರೊ ಹೀಗೇ ಹೋಗುತ್ತದೆ, ಅದನ್ನು ಪಾಲಿಸಿಯವರು ಕೊಡುವುದಿಲ್ಲ. ಭಾರತದಲ್ಲೇ ಕೊಳ್ಳುವ ಕೆಲವು ಪ್ರವಾಸ ವಿಮೆಗಳಲ್ಲೂ ಬಾಡಿಗೆ ಕಾರಿನ ಎಕ್ಸೆಸ್ ಸೌಲಭ್ಯವಿದೆ. ಅದರ ಮಿತಿ ನಿಮ್ಮ ಎಕ್ಸೆಸ್‌ಗೆ ಸಾಲುತ್ತದೆಯೇ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ಮೊದಲ ಸಲ ಬಲಬದಿಯಲ್ಲಿ ಓಡಿಸುವವರು, ಕಾರ್ಡಿನ ಮಿತಿ ಎರಡು ಲಕ್ಷದ ಒಳಗಿರುವವರು, ಎರಡು ಮೂರು ದಿನಕ್ಕೆ ಮಾತ್ರ ಕಾರು ಬೇಕಾದವರು ಕೌಂಟರಿನ ಪೂರ್ಣ ಪ್ಯಾಕೇಜನ್ನೇ ತೆಗೆದುಕೊಳ್ಳಲಿ. ಎರಡು ದಿನಕ್ಕೆ ವ್ಯತ್ಯಾಸ ಬರೀ 36 ಯೂರೊ. ಅಷ್ಟಕ್ಕೆ ತಿಂಗಳುಗಟ್ಟಲೆ ಕ್ಲೈಮ್ ಹಿಂದೆ ಅಲೆಯುವುದು ಬೇಡ. ಅದೇ ಇಪ್ಪತ್ತು ದಿನದ ಪ್ರವಾಸವಾದರೆ 500ಕ್ಕೆ 140, ಉಳಿತಾಯ 360 ಯೂರೊ. ಬಲಬದಿಯ ಅಭ್ಯಾಸವಿದ್ದು, ಕಾರ್ಡಿನಲ್ಲಿ ಜಾಗವಿದ್ದು, ಕಾಗದ ಜೋಪಾನ ಮಾಡುವವರಾದರೆ ಹೊರಗಿನ ಪಾಲಿಸಿ ಕೊಳ್ಳಿ. ಮೂಲ ವೇವರ್ ಒಂದನ್ನೇ ನಂಬಿ ಹೋಗುವುದು, 1,500 ಯೂರೊ ಹೋದರೂ ತಡೆದುಕೊಳ್ಳುತ್ತೇನೆ ಎನ್ನುವವರಿಗೆ ಮಾತ್ರ.

ಯಾವ ಪ್ಯಾಕೇಜ್ ಇದ್ದರೂ ಕೈಕೊಡುವ ಸಂದರ್ಭಗಳಿವೆ: ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ, ಬೀಗದ ಕೈ ಕಾರಿನಲ್ಲೇ ಬಿಟ್ಟು ಕಳವಾದರೆ, ತಪ್ಪು ಇಂಧನ ಹಾಕಿದರೆ. ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಎರಡನೆಯ ಚಾಲಕರ ಶುಲ್ಕ ಕಟ್ಟಿ ಹೆಸರು ಸೇರಿಸಿ. ಬಂಕಿನಲ್ಲಿ ‘ಬೆಂಜಿನಾ’ ಎಂದರೆ ಪೆಟ್ರೋಲು, ‘ಗಸೋಲಿಯೊ’ ಎಂದರೆ ಡೀಸೆಲ್ಲು. ಅನುಮಾನವಿದ್ದರೆ ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿ ನೋಡಿ. ಯೂರೋಪ್ ಒಕ್ಕೂಟದಲ್ಲಿ ಪೆಟ್ರೋಲಿಗೆ ವೃತ್ತದ ಗುರುತು, ಡೀಸೆಲ್ಲಿಗೆ ಚೌಕದ ಗುರುತು.

ಐಡಿಪಿ: ಹೆಸರಿನ ಇನಿಷಿಯಲ್ ನೋಡಿಕೊಳ್ಳಿ

ಇಟಲಿಯಲ್ಲಿ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ಟಿನ ಬಗ್ಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಯೂರೋಪ್ ಒಕ್ಕೂಟದ ಹೊರಗಿನ ಲೈಸೆನ್ಸಿನವರು ಅಂತರರಾಷ್ಟ್ರೀಯ ಪರ್ಮಿಟ್ ಅಥವಾ ಅಧಿಕೃತ ಇಟಾಲಿಯನ್ ಅನುವಾದ ಜೊತೆಗಿಟ್ಟುಕೊಳ್ಳಬೇಕು. ನಮಗೆ ಸುಲಭವಾದದ್ದು ಐಡಿಪಿ. ಬ್ರಿಟನ್ನಿನಂಥ ಕಡೆ ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ನಡೆಯುತ್ತದೆ ಎಂದು ಕೇಳಿದವರು ಇಟಲಿಗೂ ಹಾಗೇ ಹೊರಟುಬಿಡುತ್ತಾರೆ. ಕೆಲವು ಕೌಂಟರುಗಳಲ್ಲಿ ಕೇಳದೆಯೇ ಬೀಗ ಕೊಡಲೂಬಹುದು. ತೊಂದರೆ ಬರುವುದು ಪೊಲೀಸರು ತಡೆದಾಗ, ಇಲ್ಲವೇ ಅಪಘಾತವಾಗಿ ವಿಮೆಯವರು ಕಾಗದ ಕೇಳಿದಾಗ.

ಅರ್ಜಿಯನ್ನು sarathi.parivahan.gov.in ತಾಣದಲ್ಲಿ ಕರ್ನಾಟಕ ಆರಿಸಿ, ಡಿಎಲ್ ಸಂಖ್ಯೆ ಹಾಕಿ ಸಲ್ಲಿಸಬೇಕು. ಅರ್ಜಿ ನಮೂನೆ 4ಎ, ಶುಲ್ಕ 1,000 ರೂಪಾಯಿ. ಡಿಎಲ್, ಪಾಸ್‌ಪೋರ್ಟ್, ಟಿಕೆಟ್ಟಿನ ಪ್ರತಿಗಳನ್ನು ಸಿದ್ಧವಿಟ್ಟುಕೊಂಡು ಆರ್‌ಟಿಒ ಕಚೇರಿಗೆ ಹೋಗಿ. ಪರ್ಮಿಟ್ಟಿನ ಅವಧಿ ಒಂದು ವರ್ಷ. ಅಷ್ಟರೊಳಗೆ ಡಿಎಲ್ ಮುಗಿದರೆ ಇದೂ ಮುಗಿಯಿತು. ಇಂಟರ್ನೆಟ್ಟಿನಲ್ಲಿ ಡಾಲರ್ ಲೆಕ್ಕದಲ್ಲಿ ಮಾರುವ, ಹತ್ತು ವರ್ಷ ನಡೆಯುತ್ತದೆ ಎನ್ನುವ ಪ್ಲಾಸ್ಟಿಕ್ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಕಾರ್ಡುಗಳಿಗೆ ಬೆಲೆಯಿಲ್ಲ. ಐಡಿಪಿ ಒಂದರಿಂದಲೇ ಓಡಿಸುವಂತೆಯೂ ಇಲ್ಲ. ಮೂಲ ಡಿಎಲ್ ಕಾರ್ಡು ಕೈಯಲ್ಲಿರಬೇಕು. ಡಿಜಿಲಾಕರ್ ಅಲ್ಲಿ ತೋರಿಸಿ ಪ್ರಯೋಜನವಿಲ್ಲ.

ನಮ್ಮ ಕಡೆಯವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಡಿಎಲ್‌ನಲ್ಲಿ ‘ಸುರೇಶ್ ಕೆ ಎನ್’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಕೆ ಎನ್ ಬಿಡಿಸಿಕೊಂಡು ಊರಿನ ಹೆಸರು, ತಂದೆಯ ಹೆಸರು ಆಗಿರುತ್ತದೆ. ಕ್ರೆಡಿಟ್ ಕಾರ್ಡಿನ ಮೇಲೆ ಮೂರನೆಯ ರೂಪ. ಐಡಿಪಿಗೆ ಹೆಸರು ಬರುವುದು ಡಿಎಲ್ ದಾಖಲೆಯಿಂದ. ಕೌಂಟರಿನವರು ನಾಲ್ಕನ್ನೂ ಪಕ್ಕದಲ್ಲಿಟ್ಟು ನೋಡಿ ‘ಇದು ನೀವೇ ಎಂದು ಹೇಗೆ ನಂಬಲಿ’ ಎಂದರೆ ಉತ್ತರವಿರುವುದಿಲ್ಲ. ಐಡಿಪಿಗೆ ಅರ್ಜಿ ಹಾಕುವ ಮೊದಲೇ ಡಿಎಲ್‌ನಲ್ಲಿ ಹೆಸರು ತಿದ್ದಿಸಿಕೊಳ್ಳಿ, ಮುಖ್ಯ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಒಯ್ಯಿರಿ. ಫಾರೆಕ್ಸ್ ಪ್ರೀಪೇಡ್ ಕಾರ್ಡನ್ನು ಡೆಪಾಸಿಟ್ಟಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಡುವ ಮುನ್ನ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ, ನಾಲ್ಕಂಕಿಯ ಪಿನ್ ನೆನಪಿಟ್ಟುಕೊಳ್ಳಿ. ಅಲ್ಲಿಯ ಯಂತ್ರ ಕೇಳುವುದು ಅದನ್ನೇ. ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಯಂತ್ರ ಕೇಳಿದರೆ ಬೇಡವೆಂದು ಯೂರೊ ಒತ್ತಿ.

ಬೀಗ ಪಡೆಯುವಾಗ, ಕೊಡುವಾಗ

ಕಾರು ಹೊರತೆಗೆಯುವ ಮೊದಲು ಸುತ್ತ ಒಂದು ವಿಡಿಯೊ ಮಾಡಿ. ನಾಲ್ಕು ರಿಮ್‌ಗಳನ್ನು ಒಂದೊಂದಾಗಿ, ಬಂಪರಿನ ಕೆಳಅಂಚು, ಗಾಜು, ಛಾವಣಿ, ಕೊನೆಗೆ ಇಂಧನದ ಮುಳ್ಳು. ಹಳೆಯ ಗೀರು ಅವರ ಹಾಳೆಯಲ್ಲಿ ಗುರುತಾಗಿಲ್ಲದಿದ್ದರೆ ಬರೆಸಿ, ಸಹಿ ಪಡೆದೇ ಹೊರಡಿ. ಸ್ಟೆಪ್ನಿ ಇದೆಯೇ ಎಂದೂ ಡಿಕ್ಕಿ ತೆಗೆದು ನೋಡಿ. ಹಲವು ಕಾರುಗಳಲ್ಲಿ ಬರೀ ಪಂಕ್ಚರ್ ಕಿಟ್ ಇರುತ್ತದೆ, ರಿಮ್ ಬಾಗಿದರೆ ಅದು ಕೆಲಸಕ್ಕೆ ಬಾರದು. ಹಾನಿಯಾದರೆ ಕ್ಲೈಮಿಗೆ ಬೇಕಾಗುವುದು ಇವು: ಕರಾರುಪತ್ರ, ಪಡೆದಾಗಿನ ಮತ್ತು ಕೊಟ್ಟಾಗಿನ ಹಾಳೆ, ಹಾನಿಯ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟ್. ಬೇರೆ ಗಾಡಿಗೆ ತಾಗಿದ್ದರೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಅಪಘಾತದ ನಮೂನೆಯನ್ನು ಇಬ್ಬರೂ ಸೇರಿ ತುಂಬಿ ಸಹಿ ಮಾಡಬೇಕು. ಯಾರಿಗಾದರೂ ಗಾಯವಾಗಿದ್ದರೆ 112ಕ್ಕೆ ಕರೆ ಮೊದಲು, ಕಾಗದ ಆಮೇಲೆ.

ಕಚೇರಿ ಮುಚ್ಚಿದ ಮೇಲೆ ಬೀಗವನ್ನು ಪೆಟ್ಟಿಗೆಗೆ ಹಾಕಿ ಬಂದರೆ, ಬೆಳಗ್ಗೆ ಅವರು ಕಾರು ನೋಡುವ ತನಕ ಹೊಣೆ ನಿಮ್ಮದೇ. ಸಾಧ್ಯವಾದರೆ ಕಚೇರಿ ತೆರೆದಿರುವ ಹೊತ್ತಿಗೆ ಕೊಟ್ಟು, ‘ಹೊಸ ಹಾನಿ ಇಲ್ಲ’ ಎಂಬ ಹಾಳೆ ಪಡೆಯಿರಿ.

ಕೊನೆಗೆ, ಯಾವ ವಿಮೆಯೂ ಕಾಪಾಡದ ಒಂದು ಖರ್ಚು. ಇಟಲಿಯ ಹಲವು ಹಳೆಯ ಊರುಗಳ ನಡುಭಾಗ ಝಡ್‌ಟಿಎಲ್, ಪರವಾನಗಿ ಇದ್ದವರಿಗೆ ಮಾತ್ರ ಪ್ರವೇಶವಿರುವ ವಲಯ. ಬಿಳಿ ಫಲಕದ ಮೇಲೆ ಕೆಂಪು ಉಂಗುರ, ಪಕ್ಕದಲ್ಲಿ ಕ್ಯಾಮೆರಾ. ತಡೆಯಲು ಗೇಟಾಗಲಿ ಪೊಲೀಸರಾಗಲಿ ಇರುವುದಿಲ್ಲ. ಹೋಟೆಲ್ ಹುಡುಕುತ್ತ ಮೂರು ಸಲ ದಾಟಿದರೆ ಮೂರು ದಂಡ ಬೀಳಬಹುದು. ನಿಮ್ಮ ವಿಳಾಸವನ್ನು ಅಧಿಕಾರಿಗಳಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಪ್ರತಿ ದಂಡಕ್ಕೂ ಬೇರೆ ಶುಲ್ಕ ಕಾರ್ಡಿನಿಂದ ತೆಗೆಯುತ್ತದೆ, ಅಸಲು ದಂಡ ಆಮೇಲೆ ಬರುತ್ತದೆ. ಹೋಟೆಲ್ ವಲಯದ ಒಳಗಿದ್ದರೆ ಮೊದಲೇ ಕಾರಿನ ನಂಬರ್ ಕೊಟ್ಟು ಅನುಮತಿ ಹಾಕಿಸಿ ಎಂದು ಕೇಳಿ. ಇಲ್ಲವಾದರೆ ಊರ ಗೋಡೆಯ ಹೊರಗಿನ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯಿರಿ. ವಿದೇಶದಲ್ಲಿ ನೆಲೆಸಿರುವವರಿಗೆ ದಂಡದ ನೋಟಿಸು ಕಳಿಸಲು ಇಟಲಿಯ ಕಾನೂನಿನಲ್ಲಿ 360 ದಿನ ಅವಕಾಶವಿದೆ. ಕರಾರುಪತ್ರ, ಹಾಳೆ, ವಿಡಿಯೊ ಎಲ್ಲವನ್ನೂ ಅಷ್ಟು ಕಾಲ ತೆಗೆದಿಡಿ.